ಹಡಗಿನ ಹಿಂಬದಿಯ ಊರ ಹೆಸರು ಯಾವ ದೇಶವನ್ನು ಹೇಳುತ್ತದೆ?

ಪ್ರಶ್ನೆ: ದೊಡ್ಡ ಹಡಗುಗಳ ಹಿಂಬದಿಯಲ್ಲಿ ಹಡಗಿನ ಹೆಸರಿನ ಕೆಳಗೆ ಒಂದು ಊರಿನ ಹೆಸರು ಬರೆದಿರುತ್ತದೆ. ಒಂದರ ಮೇಲೆ ಮನ್ರೋವಿಯಾ, ಇನ್ನೊಂದರ ಮೇಲೆ ಮಜುರೊ, ಮತ್ತೊಂದರ ಮೇಲೆ ಹ್ಯಾಮಿಲ್ಟನ್ ಎಂದು ಓದಿದ್ದೇನೆ. ಆ ಹಡಗುಗಳ ಕಂಪನಿಗಳು ಬೇರೆ ದೇಶದವು, ಕಂಬದ ಮೇಲೆ ಹಾರುತ್ತಿದ್ದ ಬಾವುಟ ಮತ್ತೂ ಬೇರೆ. ಹಾಗಾದರೆ ಹಡಗು ಯಾವ ದೇಶದ್ದು? ಆ ಊರಿನ ಹೆಸರನ್ನು ನೋಡಿ ಅದನ್ನು ಖಚಿತವಾಗಿ ಹೇಳಬಹುದೇ?

ಉತ್ತರ: ಹೆಸರಿನ ಕೆಳಗಿರುವ ಊರು ಹಡಗಿನ ನೋಂದಣಿ ಬಂದರು. ಆ ಊರು ಯಾವ ನೋಂದಣಿ ವ್ಯವಸ್ಥೆಗೆ ಸೇರಿದೆಯೋ, ಆ ವ್ಯವಸ್ಥೆಯನ್ನು ನಡೆಸುವ ದೇಶವೇ ಹಡಗಿನ ಧ್ವಜ ರಾಷ್ಟ್ರ. ಮನ್ರೋವಿಯಾ ಎಂದಿದ್ದರೆ ಲೈಬೀರಿಯಾ, ಮಜುರೊ ಎಂದಿದ್ದರೆ ಮಾರ್ಷಲ್ ದ್ವೀಪಗಳು, ಹ್ಯಾಮಿಲ್ಟನ್ ಎಂದಿದ್ದರೆ ಹೆಚ್ಚಿನ ಸಂದರ್ಭಗಳಲ್ಲಿ ಬರ್ಮುಡಾ. ಮಾಲೀಕರು ಯಾರು, ಹಡಗನ್ನು ನಡೆಸುವ ಕಂಪನಿ ಯಾವುದು, ಹಡಗು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಆ ಊರು ಹೇಳುವುದಿಲ್ಲ. ಹಡಗು ಆ ಊರನ್ನು ಒಮ್ಮೆಯೂ ಮುಟ್ಟಿರದೆ ಇರಬಹುದು. ಖಚಿತವಾಗಿ ಹೇಳಬಹುದೇ ಎಂಬ ನಿಮ್ಮ ಕೊನೆಯ ಮಾತಿಗೆ ಮಾತ್ರ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಊರಿನಿಂದ ದೇಶಕ್ಕೆ ಹೋಗುವ ದಾರಿಯಲ್ಲಿ ಒಂದೆರಡು ಕಡೆ ಕಾಲು ಜಾರುವ ಸಾಧ್ಯತೆ ಇದೆ.

ಮೊದಲು, ದೇಶದ ಹೆಸರಿನ ಬದಲು ಊರಿನ ಹೆಸರನ್ನು ಏಕೆ ಬರೆಯುತ್ತಾರೆ ಎಂಬುದನ್ನು ನೋಡೋಣ. ಹಡಗುಗಳ ನೋಂದಣಿ ಪುಸ್ತಕಗಳು ಹಿಂದೆ ಒಂದೊಂದು ಬಂದರಿನ ಸುಂಕದ ಕಟ್ಟೆಯಲ್ಲಿ ಪ್ರತ್ಯೇಕವಾಗಿ ಇರುತ್ತಿದ್ದವು. ಒಂದೇ ದೇಶದಲ್ಲಿ ಒಂದೇ ಹೆಸರಿನ ಹತ್ತಾರು ಹಡಗುಗಳು ಇರುವುದು ಸಾಮಾನ್ಯವಾಗಿದ್ದರಿಂದ, ಈ ಹೆಸರಿನ ಹಡಗಿನ ದಾಖಲೆ ಯಾವ ಬಂದರಿನ ಪುಸ್ತಕದಲ್ಲಿದೆ ಎಂದು ತಿಳಿಯದೆ ಅಧಿಕಾರಿಗಳಿಗೆ ಕೆಲಸ ಸಾಗುತ್ತಿರಲಿಲ್ಲ. 1786ರ ಬ್ರಿಟಿಷ್ ನೋಂದಣಿ ಕಾಯ್ದೆ ಹಡಗಿನ ಹೆಸರನ್ನೂ ಅದು ಸೇರಿದ ಬಂದರನ್ನೂ ಹಿಂಬದಿಯಲ್ಲಿ ಎದ್ದು ಕಾಣುವ ಅಕ್ಷರಗಳಲ್ಲಿ ಬರೆಯಬೇಕೆಂದು ಕಡ್ಡಾಯ ಮಾಡಿತು. ಅಕ್ಷರಗಳು ಕನಿಷ್ಠ ನಾಲ್ಕು ಅಂಗುಲ ಎತ್ತರ ಇರಬೇಕೆಂಬ ಹಳೆಯ ಅಳತೆ ಇಂದಿಗೂ ಹಲವು ದೇಶಗಳ ನಿಯಮಗಳಲ್ಲಿ ಉಳಿದುಕೊಂಡಿದೆ. ಬ್ರಿಟನ್ನಿನಲ್ಲಿ ಅದು ಈಗ ಹತ್ತು ಸೆಂಟಿಮೀಟರ್ ಆಗಿದೆ, ಅಷ್ಟೇ. ಕಪ್ಪು ಅಥವಾ ಗಾಢ ಬಣ್ಣದ ಮೈಯ ಮೇಲೆ ಬಿಳಿ ಅಥವಾ ಹಳದಿ ಅಕ್ಷರ, ತಿಳಿ ಬಣ್ಣದ ಮೈಯ ಮೇಲೆ ಕಪ್ಪು ಅಕ್ಷರ ಎಂಬುದೂ ಅಲ್ಲಿನ ನಿಯಮವೇ. ಹಡಗಿನ ಮೂತಿಯ ಎರಡೂ ಪಕ್ಕಗಳಲ್ಲಿ ಹೆಸರು ಮಾತ್ರ ಇರುತ್ತದೆ, ಹಿಂಬದಿಯಲ್ಲಿ ಹೆಸರೂ ಊರೂ ಒಟ್ಟಿಗೆ ಇರುತ್ತವೆ. ಈ ಪದ್ಧತಿ ಜಗತ್ತಿನ ಬಹುತೇಕ ವಾಣಿಜ್ಯ ಹಡಗುಗಳಲ್ಲಿ ಹೀಗೆಯೇ ಕಾಣುತ್ತದೆ.

ಈಗ ನೋಂದಣಿ ಪುಸ್ತಕಗಳು ಬಂದರುಗಳಲ್ಲಿ ಇರುವುದು ಕಡಿಮೆ. ಬ್ರಿಟನ್ನಿನಲ್ಲಿ 1990ರ ದಶಕದಲ್ಲಿ ಎಲ್ಲ ದಾಖಲೆಗಳೂ ಕಾರ್ಡಿಫ್‌ನ ಒಂದೇ ಕಚೇರಿಗೆ ಬಂದವು. ಆದರೂ ಹಡಗಿನ ಹಿಂಬದಿಯ ಊರು ಹೋಗಲಿಲ್ಲ. ನಿಗದಿತ ಪಟ್ಟಿಯಿಂದ ಮಾಲೀಕರು ತಮಗೆ ಇಷ್ಟವಾದ ಒಂದು ಬಂದರನ್ನು ಆರಿಸಿಕೊಂಡು ಬರೆಸುತ್ತಾರೆ. ಅಮೆರಿಕದಲ್ಲಿ ಈ ಸಡಿಲಿಕೆ ಇನ್ನೂ ಮುಂದೆ ಹೋಗಿದೆ: ಅಲ್ಲಿ ಮಾಲೀಕರು ಸಮುದ್ರದಿಂದ ಎಷ್ಟೋ ದೂರದ ಒಳನಾಡಿನ ಊರನ್ನೂ ಬರೆಸಬಹುದು, ಆದರೆ ಜೊತೆಗೆ ರಾಜ್ಯದ ಹೆಸರು ಇರಲೇಬೇಕು. ಡೆನ್ಮಾರ್ಕಿನ ಎಮ್ಮಾ ಮೇರ್ಸ್ಕ್ 397 ಮೀಟರ್ ಉದ್ದದ ಕಂಟೇನರ್ ಹಡಗು. 2006ರಲ್ಲಿ ನೀರಿಗಿಳಿದಾಗ ಅದಕ್ಕಿಂತ ದೊಡ್ಡ ಕಂಟೇನರ್ ಹಡಗು ಇರಲಿಲ್ಲ. ಅದರ ನೋಂದಣಿ ಬಂದರಾದ ಟಾರ್ಬೆಕ್, ಕೋಪನ್‌ಹೇಗನ್‌ನ ಉತ್ತರಕ್ಕಿರುವ, ಸಣ್ಣ ದೋಣಿಗಳಷ್ಟೇ ಹಿಡಿಸುವ ಪುಟ್ಟ ದಕ್ಕೆ. ಹೀಗಿರುವಾಗ ಊರಿನ ಹೆಸರಿನಲ್ಲಿ ನೌಕಾಯಾನದ ಸುಳಿವನ್ನು ಹುಡುಕುವುದು ವ್ಯರ್ಥ. ಅದನ್ನು ಒಂದು ಕಾನೂನು ದಾಖಲೆಯ ವಿಳಾಸ ಎಂದು ಓದಬೇಕು.

ಈ ವಿಳಾಸದಿಂದ ಧ್ವಜ ರಾಷ್ಟ್ರಕ್ಕೆ ತಲುಪಲು ಎರಡು ಹೆಜ್ಜೆ ಇಡಬೇಕಾಗುತ್ತದೆ. ಊರು ಯಾವ ನೋಂದಣಿ ವ್ಯವಸ್ಥೆಯದು ಎಂಬುದು ಮೊದಲನೆಯದು, ಆ ವ್ಯವಸ್ಥೆಯ ಹಿಂದೆ ಯಾವ ರಾಷ್ಟ್ರ ನಿಂತಿದೆ ಎಂಬುದು ಎರಡನೆಯದು. ಹೆಚ್ಚಿನ ಹಡಗುಗಳಲ್ಲಿ ಇವೆರಡೂ ಒಂದೇ ಆಗಿರುವುದರಿಂದ ನಮಗೆ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಕಾಣಬೇಕಾದರೆ ನೀವು ಹೆಸರಿಸಿದ ಹ್ಯಾಮಿಲ್ಟನ್ನನ್ನೇ ತೆಗೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಆ ಊರನ್ನು ಹಿಂಬದಿಯಲ್ಲಿ ಹೊತ್ತ ಬಹಳ ಪ್ರಸಿದ್ಧ ಹಡಗೊಂದು ಇದೆ.

ಕ್ವೀನ್ ಮೇರಿ 2 ಎಂಬ ಪ್ರಯಾಣಿಕ ಹಡಗು 2004ರಲ್ಲಿ ಸೇವೆಗೆ ಬಂದಾಗ ಅದರ ಹಿಂಬದಿಯಲ್ಲಿ ಸೌತಾಂಪ್ಟನ್ ಎಂದಿತ್ತು. 2011ರಲ್ಲಿ ಅದನ್ನು ಅಳಿಸಿ ಹ್ಯಾಮಿಲ್ಟನ್ ಎಂದು ಬರೆಯಲಾಯಿತು. ಕಂಪನಿ ಅದೇ, ಹಡಗು ಹೆಚ್ಚಾಗಿ ಹೊರಡುವ ಬಂದರು ಈಗಲೂ ಸೌತಾಂಪ್ಟನ್ನೇ. ಬದಲಾದದ್ದು ನೋಂದಣಿ: ಬ್ರಿಟನ್ನಿನ ಪುಸ್ತಕದಿಂದ ಹಡಗು ಬರ್ಮುಡಾದ ಪುಸ್ತಕಕ್ಕೆ ಹೋಯಿತು. ಕಂಪನಿ ಹೇಳಿದ ಕಾರಣಗಳಲ್ಲೊಂದು ಕೇಳುವವರಿಗೆ ತಮಾಷೆಯಾಗಿ ತೋರಬಹುದು. ಬರ್ಮುಡಾದ ಕಾನೂನಿನಡಿ ಹಡಗಿನ ಕ್ಯಾಪ್ಟನ್ ಸಮುದ್ರ ಮಧ್ಯದಲ್ಲಿ ಮದುವೆ ಮಾಡಿಸಬಹುದು, ಅದು ಕಾನೂನುಬದ್ಧ ಮದುವೆಯಾಗುತ್ತದೆ. ಬ್ರಿಟಿಷ್ ನೋಂದಣಿಯಲ್ಲಿದ್ದಾಗ ಅದಕ್ಕೆ ಅವಕಾಶವಿರಲಿಲ್ಲ. ತಮಾಷೆ ಅನಿಸಿದರೂ ಈ ಉದಾಹರಣೆ ವಿಷಯದ ತಿರುಳನ್ನೇ ಮುಟ್ಟುತ್ತದೆ. ತೆರೆದ ಸಮುದ್ರದಲ್ಲಿ ಹಡಗಿನ ಮೇಲೆ ನಡೆಯುವುದಕ್ಕೆ ಯಾವ ಕಾನೂನು ಎಂಬುದನ್ನು ನೋಂದಣಿ ತೀರ್ಮಾನಿಸುತ್ತದೆ, ಆ ನೋಂದಣಿಯ ಹೊರಗುರುತೇ ಹಿಂಬದಿಯ ಊರು. ಮದುವೆಯ ಜಾಗದಲ್ಲಿ ನಾವಿಕರ ದುಡಿಮೆಯ ಅವಧಿ, ಸುರಕ್ಷತಾ ತಪಾಸಣೆ, ಅಪಘಾತದ ತನಿಖೆ ಇವುಗಳನ್ನು ಇಟ್ಟು ನೋಡಿದರೆ ಮಾಲೀಕರು ಊರನ್ನು ಏಕೆ ಅಷ್ಟು ಯೋಚಿಸಿ ಆರಿಸುತ್ತಾರೆ ಎಂಬುದು ತಿಳಿಯುತ್ತದೆ.

ಈಗ ಎರಡನೆಯ ಹೆಜ್ಜೆ. ಬರ್ಮುಡಾ ಸ್ವತಂತ್ರ ರಾಷ್ಟ್ರವಲ್ಲ, ಬ್ರಿಟನ್ನಿನ ಸಾಗರೋತ್ತರ ಪ್ರದೇಶ. ಅಲ್ಲಿನ ನೋಂದಣಿ ಕಚೇರಿ ಬೇರೆ, ಹಡಗು ನಿಯಮಗಳೂ ಸ್ವಲ್ಪ ಬೇರೆ, ಆದರೆ ಅಂತರರಾಷ್ಟ್ರೀಯವಾಗಿ ಹೊಣೆ ಹೊರುವ ರಾಷ್ಟ್ರ ಬ್ರಿಟನ್ನೇ. ಕೇಮನ್ ದ್ವೀಪಗಳ ಜಾರ್ಜ್ ಟೌನ್, ಐಲ್ ಆಫ್ ಮ್ಯಾನ್‌ನ ಡಗ್ಲಸ್, ಜಿಬ್ರಾಲ್ಟರ್ ಇವೆಲ್ಲ ಇದೇ ಗುಂಪಿನವು. ಇವುಗಳನ್ನು ಒಟ್ಟಾಗಿ ರೆಡ್ ಎನ್‌ಸೈನ್, ಅಂದರೆ ಕೆಂಪು ಬಾವುಟದ, ಗುಂಪು ಎನ್ನುತ್ತಾರೆ, ಈ ನೋಂದಣಿಗಳ ಹಡಗುಗಳು ಕಾನೂನಿನ ಕಣ್ಣಿಗೆ ಬ್ರಿಟಿಷ್ ಹಡಗುಗಳೇ. ಆದ್ದರಿಂದ ಸೌತಾಂಪ್ಟನ್ ಹೋಗಿ ಹ್ಯಾಮಿಲ್ಟನ್ ಬಂದಾಗ ಕ್ವೀನ್ ಮೇರಿ 2ರ ನೋಂದಣಿ ಬದಲಾಯಿತು, ಅದು ಬ್ರಿಟಿಷ್ ಹಡಗಾಗಿಯೇ ಉಳಿಯಿತು. ಹಡಗಿನ ಪಟ್ಟಿಗಳಲ್ಲಿ ಧ್ವಜ ಎಂಬ ಅಂಕಣದಲ್ಲಿ ಬರ್ಮುಡಾ ಎಂದೇ ಬರೆದಿರುವುದು ನಿಮಗೆ ಕಾಣಬಹುದು. ವ್ಯವಹಾರಕ್ಕೆ ಅದು ಸಾಕು, ಆದರೆ ಯಾವ ರಾಷ್ಟ್ರ ಎಂದು ಕೇಳಿದರೆ ಉತ್ತರ ಇನ್ನೂ ಒಂದು ಮೆಟ್ಟಿಲು ಮೇಲಿದೆ. ಪೋರ್ಚುಗಲ್ಲಿನ ಮದೇರಾ ಇದಕ್ಕೆ ಹತ್ತಿರದ ಇನ್ನೊಂದು ಉದಾಹರಣೆ. ಹಿಂಬದಿಯಲ್ಲಿ ಮದೇರಾ ಎಂದಿದ್ದರೆ ಹಡಗು ಆ ದ್ವೀಪದ ಅಂತರರಾಷ್ಟ್ರೀಯ ನೋಂದಣಿಯಲ್ಲಿದೆ, ಹಾರಿಸುವ ಧ್ವಜ ಮಾತ್ರ ಪೋರ್ಚುಗಲ್ಲಿನದು.

ಮೊದಲನೆಯ ಹೆಜ್ಜೆಯಲ್ಲಿ ಎಡವುವುದು ಒಂದೇ ಹೆಸರಿನ ಊರುಗಳಿಂದ. ಕೆನಡಾದ ಒಂಟೇರಿಯೊ ಸರೋವರದ ದಂಡೆಯಲ್ಲಿಯೂ ಹ್ಯಾಮಿಲ್ಟನ್ ಎಂಬ ದೊಡ್ಡ ಬಂದರು ಇದೆ. ಹಿಂಬದಿಯಲ್ಲಿ ಸೇಂಟ್ ಜಾನ್ಸ್ ಎಂದಿದ್ದರೆ ಅದು ಆಂಟಿಗುವಾದ ರಾಜಧಾನಿಯೂ ಆಗಬಹುದು, ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ರಾಜಧಾನಿಯೂ ಆಗಬಹುದು. ಕಿಂಗ್ಸ್‌ಟೌನ್ ಎಂದರೆ ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡೀನ್ಸ್, ಕಿಂಗ್ಸ್‌ಟನ್ ಎಂದರೆ ಜಮೈಕಾ; ದೂರದಿಂದ ದುರ್ಬೀನಿನಲ್ಲಿ ನೋಡುವಾಗ ತುಕ್ಕು ಹರಿದ ಒಂದು ಅಕ್ಷರ ಈ ಎರಡರ ಅಂತರವನ್ನು ನುಂಗಿಬಿಡುತ್ತದೆ. ಕೇಮನ್ ದ್ವೀಪಗಳ ಜಾರ್ಜ್ ಟೌನ್ ಎರಡು ಪದ, ದಕ್ಷಿಣ ಅಮೆರಿಕದ ಗಯಾನಾದ ಜಾರ್ಜ್‌ಟೌನ್ ಒಂದೇ ಪದ, ನಡುವಿನ ಅಂತರ ಒಂದು ಖಾಲಿ ಜಾಗ ಮಾತ್ರ. ಹಿಂಬದಿಯಲ್ಲಿ ದೇಶದ ಹೆಸರನ್ನೂ ಬರೆಯಬೇಕು ಎಂಬ ಸಾಮಾನ್ಯ ನಿಯಮ ಇಲ್ಲದಿರುವುದರಿಂದ ಇಂತಹ ಸಂದರ್ಭಗಳಲ್ಲಿ ಊರು ಒಂದರಿಂದಲೇ ಉತ್ತರ ಸಿಗುವುದಿಲ್ಲ, ಪಕ್ಕದಲ್ಲಿರುವ ಬೇರೆ ಗುರುತುಗಳನ್ನು ಓದಬೇಕಾಗುತ್ತದೆ.

ಅವುಗಳಲ್ಲಿ ನಾನು ಹೆಚ್ಚು ನೆಚ್ಚುವುದು ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಸಾಗರ ಸಂಸ್ಥೆಯಾದ ಐಎಂಒದ ಹೆಸರಿನ ಐಎಂಒ ಸಂಖ್ಯೆ. ಅಂತರರಾಷ್ಟ್ರೀಯ ಯಾನದಲ್ಲಿರುವ 100 ಟನ್ನೇಜಿಗೆ ಕಡಿಮೆಯಿಲ್ಲದ ಪ್ರಯಾಣಿಕ ಹಡಗುಗಳೂ 300 ಟನ್ನೇಜಿಗೆ ಕಡಿಮೆಯಿಲ್ಲದ ಸರಕು ಹಡಗುಗಳೂ ಏಳು ಅಂಕಿಗಳ ಈ ಸಂಖ್ಯೆಯನ್ನು ಹೊಂದಿರಬೇಕು. 2004ರ ಜುಲೈಯಿಂದ ಜಾರಿಗೆ ಬಂದ ನಿಯಮದಂತೆ ಅದನ್ನು ಹಡಗಿನ ಮೈಮೇಲೆ ಹೊರಗೆ ಕಾಣುವಂತೆ ಶಾಶ್ವತವಾಗಿ ಗುರುತಿಸಬೇಕು, ಅಂಕಿಗಳ ಎತ್ತರ 20 ಸೆಂಟಿಮೀಟರ್‌ಗಿಂತ ಕಡಿಮೆ ಇರಬಾರದು. ಹಿಂಬದಿಯೇ ಅದರ ಸಾಮಾನ್ಯ ಜಾಗವಾದ್ದರಿಂದ ಮೇಲೆ ಹೆಸರು, ನಡುವೆ ಊರು, ಕೆಳಗೆ ಸಂಖ್ಯೆ ಎಂಬ ಮೂರು ಸಾಲುಗಳು ಒಟ್ಟಿಗೆ ಕಾಣುತ್ತವೆ. ಕೆಲವು ಹಡಗುಗಳಲ್ಲಿ ಸಂಖ್ಯೆ ಪಕ್ಕದ ಗೋಡೆಯ ಮೇಲೋ ಮೇಲಿನ ಕಟ್ಟಡದ ಮೇಲೋ ಇರುವುದೂ ಉಂಟು. ಈ ಮೂರರಲ್ಲಿ ಹೆಸರು ಮಾಲೀಕರ ಇಚ್ಛೆ, ಊರು ನೋಂದಣಿಯ ಗುರುತು, ಸಂಖ್ಯೆ ಮಾತ್ರ ಹಡಗಿನ ಒಡಲಿಗೇ ಅಂಟಿಕೊಂಡದ್ದು. ಮಾಲೀಕರು, ಹೆಸರು, ಧ್ವಜ ಎಲ್ಲ ಬದಲಾದರೂ ಅದು ಬದಲಾಗುವುದಿಲ್ಲ.

ಓದಿದ ಸಂಖ್ಯೆ ಸರಿಯಾಗಿದೆಯೇ ಎಂದು ಅಲ್ಲೇ ನಿಂತು ಪರೀಕ್ಷಿಸಲೂ ಸಾಧ್ಯವಿದೆ. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿದರೆ ಬರುವ ಮೊತ್ತದ ಕೊನೆಯ ಅಂಕಿಯೇ ಏಳನೆಯ ಅಂಕಿಯಾಗಿರಬೇಕು. ಕ್ವೀನ್ ಮೇರಿ 2ರ ಸಂಖ್ಯೆ 9241061. ಒಂಬತ್ತೇಳಲಿ 63, ಎರಡಾರಲಿ 12, ನಾಲ್ಕೈದಲಿ 20, ಒಂದ್ನಾಕಲಿ 4, ಮುಂದಿನದು ಸೊನ್ನೆ, ಆರೆರಡಲಿ 12. ಒಟ್ಟು 111, ಕೊನೆಯ ಅಂಕಿ 1, ಸಂಖ್ಯೆಯ ಕೊನೆಯ ಅಂಕಿಯೂ 1. ಹಿಂಬದಿಯಲ್ಲಿ ಸೌತಾಂಪ್ಟನ್ ಇದ್ದಾಗಲೂ ಇದೇ ಸಂಖ್ಯೆ, ಹ್ಯಾಮಿಲ್ಟನ್ ಬಂದ ಮೇಲೂ ಇದೇ ಸಂಖ್ಯೆ. ಲೆಕ್ಕ ತಾಳೆಯಾಗದಿದ್ದರೆ ಒಂದೋ ನೀವು ಅಂಕಿಯನ್ನು ತಪ್ಪಾಗಿ ಓದಿದ್ದೀರಿ, ಇಲ್ಲವೇ ಯಾರೋ ಅದರಲ್ಲಿ ಕೈಯಾಡಿಸಿದ್ದಾರೆ. ತಾಳೆಯಾದರೆ ಆ ಸಂಖ್ಯೆಯನ್ನು ಸಾರ್ವಜನಿಕ ಹಡಗು ದತ್ತಾಂಶಗಳಲ್ಲಿ ಹಾಕಿ ಈಗಿನ ಧ್ವಜ ಯಾವುದೆಂದು ನೋಡಬಹುದು. ಊರು ಹ್ಯಾಮಿಲ್ಟನ್ ಎಂದಿದ್ದು ಧ್ವಜ ಬರ್ಮುಡಾ ಎಂದಿದ್ದರೆ ಕೆನಡಾದ ಸಂಶಯ ಅಲ್ಲಿಗೆ ತೀರಿತು.

ಇನ್ನು ಬಾವುಟ. ಕಂಬದ ಮೇಲೆ ನೀವು ಕಂಡ ಬಾವುಟ ಬಹುಮಟ್ಟಿಗೆ ಖಚಿತವಾಗಿ ಆ ಬಂದರು ಇರುವ ದೇಶದ್ದು. ಬೇರೆ ದೇಶದ ನೀರಿಗೆ ಬಂದ ಹಡಗು ಮರ್ಯಾದೆಗಾಗಿ ಆತಿಥೇಯ ದೇಶದ ಬಾವುಟವನ್ನು ಮೇಲಿನ ಕಂಬದ ಬಲಗಡೆಯಲ್ಲಿ ಏರಿಸುತ್ತದೆ. ಹಡಗಿನ ರಾಷ್ಟ್ರೀಯತೆಗೂ ಅದಕ್ಕೂ ಸಂಬಂಧವಿಲ್ಲ. ಹಡಗಿನದೇ ಬಾವುಟ ಹಿಂಬದಿಯ ತುದಿಯಲ್ಲಿ, ಊರಿನ ಹೆಸರಿಗೆ ಸರಿಯಾಗಿ ಮೇಲಿರುವ ಕೋಲಿನಲ್ಲಿ ಹಾರುತ್ತದೆ. ಊರು ಮತ್ತು ಆ ಬಾವುಟ ಪರಸ್ಪರ ಸಾಕ್ಷಿ ಹೇಳಬೇಕು. ಇಲ್ಲಿ ಗಮನಿಸಬೇಕಾದದ್ದು, ವಾಣಿಜ್ಯ ಹಡಗುಗಳ ಬಾವುಟ ಕೆಲವು ದೇಶಗಳಲ್ಲಿ ರಾಷ್ಟ್ರಧ್ವಜಕ್ಕಿಂತ ಬೇರೆ. ವಲೆಟ್ಟಾ ಎಂದು ಬರೆದ ಮಾಲ್ಟಾದ ಹಡಗು ಬಿಳಿ ಮತ್ತು ಕೆಂಪು ಪಟ್ಟಿಗಳ ರಾಷ್ಟ್ರಧ್ವಜವನ್ನು ಬಿಟ್ಟು, ಕೆಂಪು ನೆಲದ ಮೇಲೆ ಬಿಳಿಯ ಮಾಲ್ಟೀಸ್ ಶಿಲುಬೆ ಇರುವ ಬಾವುಟವನ್ನು ಹಾರಿಸುತ್ತದೆ. ನಸ್ಸಾವು ಎಂದು ಬರೆದ ಬಹಾಮಾಸ್ ಹಡಗಿನ ಬಾವುಟ ಕೆಂಪು, ಅದರ ಮೇಲೆ ಬಿಳಿ ಶಿಲುಬೆ, ಮೂಲೆಯಲ್ಲಿ ಮಾತ್ರ ರಾಷ್ಟ್ರಧ್ವಜ. ಬರ್ಮುಡಾದ ಕೆಂಪು ಬಾವುಟವೂ ಇದೇ ಸಾಲಿನದು. ಇದನ್ನು ತಿಳಿಯದವರು ಊರಿಗೂ ಬಾವುಟಕ್ಕೂ ಹೊಂದುತ್ತಿಲ್ಲ ಎಂದು ಗಾಬರಿಪಡುವುದನ್ನು ಕಂಡಿದ್ದೇನೆ.

ಮಾಲೀಕರ ದೇಶ, ಕಂಪನಿಯ ದೇಶ ಇವುಗಳಿಗೂ ಹಿಂಬದಿಗೂ ಇರುವ ದೂರವನ್ನು ತೋರಿಸಲು 2021ರ ಮಾರ್ಚಿನಲ್ಲಿ ಸುಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡ ಎವರ್ ಗಿವನ್ ಸಾಕು. ಪಕ್ಕದ ಮೈಮೇಲೆ ಭಾರಿ ಅಕ್ಷರಗಳಲ್ಲಿ ಇದ್ದದ್ದು ಅದನ್ನು ಬಾಡಿಗೆಗೆ ಪಡೆದು ಓಡಿಸುತ್ತಿದ್ದ ತೈವಾನಿನ ಕಂಪನಿಯ ಹೆಸರು. ಮಾಲೀಕರು ಜಪಾನಿನವರು, ದಿನನಿತ್ಯದ ತಾಂತ್ರಿಕ ನಿರ್ವಹಣೆ ಜರ್ಮನಿ ಮೂಲದ ಸಂಸ್ಥೆಯದು, ಹಡಗಿನಲ್ಲಿದ್ದ 25 ನಾವಿಕರೂ ಭಾರತೀಯರು. ಹಿಂಬದಿಯಲ್ಲಿ ಹೆಸರಿನ ಕೆಳಗೆ ಇದ್ದದ್ದು ಪನಾಮಾ ಎಂಬ ಒಂದೇ ಪದ. ಆ ಒಂದು ಪದದ ಬಲದಿಂದಲೇ ಧ್ವಜ ರಾಷ್ಟ್ರವಾಗಿ ಅಪಘಾತದ ತನಿಖೆ ನಡೆಸುವ ಹೊಣೆ ಪನಾಮಾದ ಸಾಗರ ಪ್ರಾಧಿಕಾರಕ್ಕೆ ಬಂತು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 91ನೆಯ ವಿಧಿ ಹಡಗು ಯಾವ ರಾಷ್ಟ್ರದ ಧ್ವಜ ಹಾರಿಸಲು ಅರ್ಹವೋ ಆ ರಾಷ್ಟ್ರದ್ದು ಎನ್ನುತ್ತದೆ, 94ನೆಯ ವಿಧಿ ಆ ರಾಷ್ಟ್ರದ ಕರ್ತವ್ಯಗಳನ್ನು ಹೇಳುತ್ತದೆ. ರಾಷ್ಟ್ರಕ್ಕೂ ಹಡಗಿಗೂ ನೈಜ ಸಂಬಂಧ ಇರಬೇಕೆಂದು ಅದೇ 91ನೆಯ ವಿಧಿಯಲ್ಲಿ ಇದೆ. ಆದರೆ ನೈಜ ಎಂದರೆ ಏನು ಎಂದು ಒಪ್ಪಂದ ಬಿಡಿಸಿ ಹೇಳಿಲ್ಲ. ಹೊರದೇಶದ ಮಾಲೀಕರಿಗೆ ನೋಂದಣಿಯ ಬಾಗಿಲು ತೆರೆದಿಟ್ಟ ಪನಾಮಾ, ಲೈಬೀರಿಯಾ, ಮಾರ್ಷಲ್ ದ್ವೀಪಗಳಂತಹ ದೇಶಗಳ ವ್ಯವಸ್ಥೆ ಆ ಮೌನದಲ್ಲಿಯೇ ಬೆಳೆದಿದೆ. ಮನ್ರೋವಿಯಾ ಮತ್ತು ಮಜುರೊ ಎಂದು ಬರೆದ ಹಡಗುಗಳ ನೋಂದಣಿ ಕೆಲಸ ಆ ಎರಡು ಊರುಗಳಲ್ಲಿ ನಡೆಯುವುದೂ ಇಲ್ಲ. ಎರಡನ್ನೂ ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿರುವ ಖಾಸಗಿ ಸಂಸ್ಥೆಗಳು ಆಯಾ ದೇಶಗಳ ಪರವಾಗಿ ನಡೆಸುತ್ತವೆ.

ಸಮುದ್ರವೇ ಇಲ್ಲದ ದೇಶಗಳ ಊರು ಕಂಡರೆ ಅದನ್ನು ಸುಳ್ಳೆಂದು ತಳ್ಳಿಹಾಕಬೇಡಿ. 1921ರ ಬಾರ್ಸಿಲೋನಾ ಘೋಷಣೆ ಕರಾವಳಿ ಇಲ್ಲದ ರಾಷ್ಟ್ರಗಳಿಗೂ ಹಡಗಿನ ಧ್ವಜದ ಹಕ್ಕನ್ನು ಒಪ್ಪಿಕೊಂಡಿತು. ತಮ್ಮ ನೆಲದ ಯಾವುದಾದರೂ ಒಂದು ನಿಗದಿತ ಊರನ್ನು ಅವು ನೋಂದಣಿ ಬಂದರಾಗಿ ಬಳಸಬಹುದು. ಸ್ವಿಟ್ಜರ್ಲೆಂಡಿನ ಸಮುದ್ರ ಹಡಗುಗಳ ಹಿಂಬದಿಯಲ್ಲಿ ರೈನ್ ನದಿಯ ದಂಡೆಯ ಬಾಸೆಲ್ ಇರುತ್ತದೆ. ಮಂಗೋಲಿಯಾದ ಹಡಗುಗಳ ಮೇಲೆ ಉಲಾನ್‌ಬಾತರ್ ಇರುತ್ತದೆ, ಅದರ ನೋಂದಣಿ ಕಚೇರಿ ನಡೆಯುವುದು ಸಿಂಗಾಪುರದಿಂದ.

ಊರು ಮತ್ತು ಮೂಲ ನೋಂದಣಿ ಬೇರೆಯಾಗಿರುವ, ಆದರೆ ಪೂರ್ಣವಾಗಿ ಕಾನೂನುಬದ್ಧವಾದ ಒಂದು ಸಂದರ್ಭವೂ ಇದೆ. ಹಡಗನ್ನು ಸಿಬ್ಬಂದಿಯಿಲ್ಲದೆ ಬರಿಯ ಹಡಗಾಗಿ ಕೆಲವು ವರ್ಷಗಳಿಗೆ ಬಾಡಿಗೆಗೆ ಕೊಡುವುದಕ್ಕೆ ಬೇರ್‌ಬೋಟ್ ಚಾರ್ಟರ್ ಎನ್ನುತ್ತಾರೆ. ಬಾಡಿಗೆ ಪಡೆದವರು ಎರಡೂ ದೇಶಗಳ ಒಪ್ಪಿಗೆಯಿಂದ ಆ ಅವಧಿಗೆ ಹಡಗನ್ನು ಬೇರೊಂದು ದೇಶದ ಧ್ವಜದಡಿ ತರಬಹುದು. ಆಗ ಮಾಲೀಕತ್ವ ಮತ್ತು ಅಡಮಾನದ ದಾಖಲೆ ಮೂಲ ನೋಂದಣಿಯಲ್ಲಿಯೇ ಇರುತ್ತದೆ, ಧ್ವಜದ ಹಕ್ಕು ಮಾತ್ರ ಅಲ್ಲಿ ಅಮಾನತಿನಲ್ಲಿರುತ್ತದೆ. ಹಿಂಬದಿಯಲ್ಲಿ ಹೊಸ ಧ್ವಜ ರಾಷ್ಟ್ರದ ಊರು ಬರುತ್ತದೆ. ಸಾಲ ಕೊಟ್ಟ ಬ್ಯಾಂಕು ಅಡಮಾನವನ್ನು ಹುಡುಕಿಕೊಂಡು ಹಿಂಬದಿಯ ಊರಿನ ನೋಂದಣಿಗೆ ಹೋದರೆ ಬರಿಗೈಯಲ್ಲಿ ಮರಳುತ್ತದೆ. ಸಮುದ್ರದ ನಡುವೆ ಹಡಗಿನ ಮೇಲೆ ಯಾರ ಕಾನೂನು ಎಂದು ಕೇಳುವವರಿಗೆ ಮಾತ್ರ ಆ ಊರು ಸರಿಯಾದ ಉತ್ತರ ಕೊಡುತ್ತದೆ. ಒಂದೇ ಸಮಯದಲ್ಲಿ ಎರಡು ಧ್ವಜಗಳನ್ನು ಅನುಕೂಲಕ್ಕೆ ತಕ್ಕಂತೆ ಬಳಸುವುದು ಇದಲ್ಲ. ಹಾಗೆ ಮಾಡಿದ ಹಡಗನ್ನು ರಾಷ್ಟ್ರೀಯತೆಯೇ ಇಲ್ಲದ ಹಡಗಿನಂತೆ ಕಾಣಬಹುದು ಎಂದು ಸಮುದ್ರ ಕಾನೂನು ಒಪ್ಪಂದದ 92ನೆಯ ವಿಧಿ ಹೇಳುತ್ತದೆ. ಮಾಲೀಕತ್ವವಾಗಲಿ ನೋಂದಣಿಯಾಗಲಿ ನಿಜವಾಗಿ ಬದಲಾಗದೆ ಯಾನದ ನಡುವೆ ಧ್ವಜ ಬದಲಿಸುವಂತಿಲ್ಲ ಎಂಬುದೂ ಅದೇ ವಿಧಿಯಲ್ಲಿದೆ.

ಇಷ್ಟಾದ ಮೇಲೆ, ಬಣ್ಣದಿಂದ ಬರೆದ ಊರು ಸುಳ್ಳಾಗಿದ್ದರೆ ಗೊತ್ತಾಗುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಉಕ್ಕಿನ ಹಡಗುಗಳಲ್ಲಿ ಹೆಸರು ಮತ್ತು ಊರಿನ ಅಕ್ಷರಗಳ ಅಂಚನ್ನು ಸಾಮಾನ್ಯವಾಗಿ ವೆಲ್ಡಿಂಗ್ ಮಾಡಿ ಉಬ್ಬಿಸಿ, ಅದರೊಳಗೆ ಬಣ್ಣ ತುಂಬುತ್ತಾರೆ. ಧ್ವಜ ಬದಲಾದಾಗ ಹಳೆಯ ಉಬ್ಬನ್ನು ಉಜ್ಜಿ ಸಮ ಮಾಡಬೇಕು. ಅವಸರದಲ್ಲಿ ಅದರ ಮೇಲೆಯೇ ಬಣ್ಣ ಬಳಿದು ಹೊಸ ಊರನ್ನು ಬರೆದರೆ, ಓರೆ ಬಿಸಿಲಿನಲ್ಲಿ ಹಳೆಯ ಊರು ನೆರಳಾಗಿ ಎದ್ದು ಕಾಣುತ್ತದೆ. ಇದೊಂದರಿಂದಲೇ ಮೋಸ ಎಂದು ತೀರ್ಮಾನಿಸಬಾರದು, ಏಕೆಂದರೆ ಸಕ್ರಮವಾಗಿ ಕೈ ಬದಲಾದ ಹಳೆಯ ಹಡಗುಗಳ ಮೇಲೆ ಎರಡು ಮೂರು ಊರುಗಳ ನೆರಳು ಇರುವುದು ಸಾಮಾನ್ಯ. ನಾನಾದರೆ ಜೀವರಕ್ಷಕ ದೋಣಿಗಳನ್ನೂ ತೇಲುಬಳೆಗಳನ್ನೂ ನೋಡುತ್ತೇನೆ. ಅವುಗಳ ಮೇಲೆಯೂ ಹಡಗಿನ ಹೆಸರು ಮತ್ತು ನೋಂದಣಿ ಬಂದರನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ಅಂತರರಾಷ್ಟ್ರೀಯ ನಿಯಮ ಇದೆ. ಹಿಂಬದಿಯಲ್ಲಿ ಒಂದು ಊರು, ದೋಣಿಯ ಮೇಲೆ ಇನ್ನೊಂದು ಊರು ಇದ್ದರೆ ಬದಲಾವಣೆ ತೀರಾ ಇತ್ತೀಚಿನದು ಅಥವಾ ಅರ್ಧಂಬರ್ಧವಾದದ್ದು ಎಂದು ತಿಳಿಯುತ್ತದೆ. ಎರಡರಲ್ಲಿ ಯಾವುದೆಂದು ಹೇಳುವುದು ಕಾಗದಪತ್ರಗಳು ಮಾತ್ರ.

ಬಣ್ಣದ ಊರಿಗೆ ಬಲ ಬರುವುದು ಆ ಕಾಗದಗಳಿಂದಲೇ. ಹಳೆಯ ನೋಂದಣಿಯಿಂದ ಹಡಗನ್ನು ತೆಗೆದುಹಾಕಿದ ಪ್ರಮಾಣಪತ್ರ, ಹೊಸ ದೇಶದ ನೋಂದಣಿ ಪ್ರಮಾಣಪತ್ರ, ಇವುಗಳ ಜೊತೆಗೆ ಹಡಗಿನಲ್ಲಿ ಸದಾ ಇರಬೇಕಾದ ನಿರಂತರ ಸಾರಾಂಶ ದಾಖಲೆ ಎಂಬುದೊಂದು ಇದೆ. ಹಡಗು ಯಾವ ಯಾವ ಧ್ವಜದಡಿ, ಯಾವ ಹೆಸರಿನಲ್ಲಿ, ಯಾವ ನೋಂದಣಿ ಬಂದರಿನೊಂದಿಗೆ, ಯಾರ ಮಾಲೀಕತ್ವದಲ್ಲಿ ಎಂದಿನಿಂದ ಇತ್ತು ಎಂಬುದು ಅದರಲ್ಲಿ ಸಾಲಾಗಿ ಇರುತ್ತದೆ, ಧ್ವಜ ಬದಲಾದರೂ ಹಳೆಯ ಹಾಳೆಗಳು ಹಡಗಿನಲ್ಲಿಯೇ ಉಳಿಯಬೇಕು. ದಡದಲ್ಲಿ ನಿಂತ ನಿಮಗೆ ಆ ಕಾಗದಗಳು ಸಿಗುವುದಿಲ್ಲ. ಸಿಗುವುದು ಹಡಗು ತಾನು ಯಾರು, ಎಲ್ಲಿದ್ದೇನೆ ಎಂಬುದನ್ನು ರೇಡಿಯೊ ಮೂಲಕ ತಿಳಿಸುವ ತನ್ನ ಎಐಎಸ್ ಉಪಕರಣದಿಂದ ಬಿತ್ತರಿಸುವ ಒಂಬತ್ತು ಅಂಕಿಗಳ ಗುರುತು. ಅದರ ಮೊದಲ ಮೂರು ಅಂಕಿಗಳು ದೇಶ ಅಥವಾ ಪ್ರದೇಶವನ್ನು ಹೇಳುತ್ತವೆ: ಲೈಬೀರಿಯಾಕ್ಕೆ 636, ಮಾರ್ಷಲ್ ದ್ವೀಪಗಳಿಗೆ 538, ಬರ್ಮುಡಾಕ್ಕೆ 310. ಮಜುರೊ ಎಂದು ಬರೆದ ಹಡಗು 538ರಿಂದ ಆರಂಭವಾಗುವ ಗುರುತನ್ನು ಕೊಟ್ಟರೆ ಎರಡೂ ಹೊಂದಿಕೊಂಡಂತೆ. ಆದರೆ ಈ ಗುರುತನ್ನು ಮನುಷ್ಯರೇ ಉಪಕರಣಕ್ಕೆ ತುಂಬಿರುತ್ತಾರೆ, ಆದ್ದರಿಂದ ಬಣ್ಣ ಹಚ್ಚಿದ ಕೈಯೇ ಅದನ್ನೂ ತಿದ್ದಿರಬಹುದು ಎಂಬ ಎಚ್ಚರ ಬೇಕು.

2025ರ ಡಿಸೆಂಬರಿನಲ್ಲಿ ವೆನಿಜುವೆಲಾದ ಸಮೀಪ ಅಮೆರಿಕ ವಶಪಡಿಸಿಕೊಂಡ ಸ್ಕಿಪ್ಪರ್ ಎಂಬ ತೈಲ ಹಡಗು ಗಯಾನಾದ ಧ್ವಜ ಹೇಳಿಕೊಂಡಿತ್ತು. ಆ ಹಡಗು ತಮ್ಮ ನೋಂದಣಿಯಲ್ಲಿ ಇಲ್ಲವೇ ಇಲ್ಲ, ಧ್ವಜದ ಬಳಕೆ ಸುಳ್ಳು ಎಂದು ಗಯಾನಾದ ಸಾಗರ ಆಡಳಿತ ತಿಳಿಸಿತು. ಅದರ ಐಎಂಒ ಸಂಖ್ಯೆ 9304667, ಮೇಲೆ ಹೇಳಿದ ಲೆಕ್ಕಕ್ಕೆ ಸರಿಯಾಗಿ ತಾಳೆಯಾಗುತ್ತದೆ. ಹಡಗು ನಿಜ, ಸಂಖ್ಯೆ ನಿಜ, ರಾಷ್ಟ್ರ ಮಾತ್ರ ಸುಳ್ಳು. ಇಂತಹ ಹಡಗುಗಳ ಎದುರು ಐಎಂಒ ತನ್ನ ದತ್ತಾಂಶದಲ್ಲಿ ಸುಳ್ಳು ಧ್ವಜ ಎಂದು ಗುರುತು ಹಾಕುತ್ತದೆ. ನೋಂದಣಿಯ ಆಸರೆ ಕಳಚಿದರೆ ಹಡಗಿಗೆ ಆಗುವ ಪರಿಣಾಮ ದೊಡ್ಡದು: ತೆರೆದ ಸಮುದ್ರದಲ್ಲಿ ಬೇರೆ ದೇಶದ ಹಡಗನ್ನು ಯುದ್ಧನೌಕೆ ಸಾಮಾನ್ಯವಾಗಿ ಹತ್ತಿ ತಪಾಸಣೆ ಮಾಡುವಂತಿಲ್ಲ, ರಾಷ್ಟ್ರೀಯತೆ ಇಲ್ಲವೆಂಬ ಸಕಾರಣ ಸಂಶಯ ಇದ್ದರೆ ಒಪ್ಪಂದದ 110ನೆಯ ವಿಧಿಯಂತೆ ಹತ್ತಬಹುದು.

ಆದ್ದರಿಂದ ನೀವು ಕಂಡ ಮೂರು ಹಡಗುಗಳ ವಿಷಯದಲ್ಲಿ ಮಾಡಬಹುದಾದದ್ದು ಇಷ್ಟು. ಹಿಂಬದಿಯ ಚಿತ್ರ ನಿಮ್ಮಲ್ಲಿದ್ದರೆ ಅದನ್ನು ಹಿಗ್ಗಿಸಿ ಊರಿನ ಕೆಳಗಿನ ಏಳು ಅಂಕಿಗಳನ್ನು ಓದಿ, ಲೆಕ್ಕ ಮಾಡಿ, ಆ ಸಂಖ್ಯೆಯ ಈಗಿನ ಧ್ವಜವನ್ನು ನೋಡಿ. ಮನ್ರೋವಿಯಾ ಮತ್ತು ಮಜುರೊ ಎರಡರಲ್ಲಿಯೂ ಊರಿಗೆ ಹೊಂದುವ ದೇಶ ಒಂದೇ ಇರುವುದರಿಂದ ಅಲ್ಲಿ ಹುಡುಕುವುದು ಲೈಬೀರಿಯಾ ಅಥವಾ ಮಾರ್ಷಲ್ ದ್ವೀಪಗಳು ಎಂಬ ಉತ್ತರದ ದೃಢೀಕರಣವನ್ನು ಮಾತ್ರ. ಚಿತ್ರ ತೆಗೆದ ದಿನಾಂಕವನ್ನೂ ಜೊತೆಗೆ ಬರೆದಿಟ್ಟುಕೊಳ್ಳಿ, ಏಕೆಂದರೆ ದತ್ತಾಂಶ ಹೇಳುವುದು ಇಂದಿನ ಧ್ವಜವನ್ನು, ನಿಮ್ಮ ಚಿತ್ರದಲ್ಲಿರುವುದು ಆ ದಿನದ ಊರು.